ಕಾನ್ಫರೆನ್ಸ್‌ನಲ್ಲಿ ಆಡಿದ ಮಾತು ಮೇಲ್‌ಗೆ ಇಳಿಯುವಾಗ

ಪುಣೆಯ ಭೋಸರಿಯಲ್ಲಿ ನಮ್ಮದೊಂದು ಸಣ್ಣ ಕಂಪನಿ. ಹನ್ನೊಂದು ಜನ ಇದ್ದೇವೆ. ರೀಫರ್ ಅನ್ನುವ ಶೀತಲ ಕಂಟೇನರ್, ಶೀತಲ ಲಾರಿಗಳ ಒಳಗೆ ಇಟ್ಟು ತಾಪಮಾನ ದಾಖಲಿಸುವ ಲಾಗರ್‌ಗಳನ್ನು ಮಾರುತ್ತೇವೆ, ಕೆಟ್ಟರೆ ರಿಪೇರಿ ಮಾಡುತ್ತೇವೆ. ವರ್ಷಕ್ಕೆ ಮೂರ್ನಾಲ್ಕು ಸಲ ಮುಂಬೈಗೋ ಗೋವಾಕ್ಕೋ ಕಾನ್ಫರೆನ್ಸ್‌ಗೆ ಹೋಗುವುದು ನನ್ನ ಪಾಲಿಗೆ ಬಂದ ಕೆಲಸ. ಹೋದಲ್ಲಿ ಮೂವತ್ತು ನಲವತ್ತು ಜನರ ಜೊತೆ ಮಾತಾಗುತ್ತದೆ. ವಾಪಸ್ ಬಂದ ಮೇಲೆ ಅವರಿಗೆಲ್ಲ ಮೇಲ್ ಬರೆಯಬೇಕು.

ಮೊದಲ ವರ್ಷ ನಾನು ಒಂದೇ ಮೇಲ್ ಬರೆದು, ಹೆಸರು ಮಾತ್ರ ಬದಲಿಸಿ, ಇಪ್ಪತ್ತಮೂರು ಜನಕ್ಕೆ ಕಳಿಸಿದ್ದೆ. "ನಿಮ್ಮನ್ನು ಭೇಟಿಯಾಗಿದ್ದು ಸಂತೋಷ, ನಮ್ಮ ಚರ್ಚೆ ಬಹಳ ಉಪಯುಕ್ತವಾಗಿತ್ತು" ಅಂತೆಲ್ಲ. ಅವರಲ್ಲಿ ಇಬ್ಬರು ಒಂದೇ ಆಫೀಸಿನವರು, ಅಕ್ಕಪಕ್ಕದ ಕುರ್ಚಿಯವರು. ಮರುವರ್ಷ ಸಿಕ್ಕಾಗ ಒಬ್ಬರು ನಗುತ್ತಲೇ ಹೇಳಿದರು: "ನಮ್ಮಿಬ್ಬರ ಜೊತೆಗೂ ನಿಮಗೆ ಉಪಯುಕ್ತ ಚರ್ಚೆ ಆಗಿತ್ತಂತೆ. ನನ್ನ ಹತ್ತಿರ ನೀವು ಕೇಳಿದ್ದು ಪಾರ್ಕಿಂಗ್ ಎಲ್ಲಿದೆ ಅಂತ!"

ಆಮೇಲೆ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಾಮಾನ್ಯ ಸಲಹೆ ಕೊಡುವುದಕ್ಕಿಂತ ಒಂದೇ ಒಂದು ಮೇಲ್ ಹೇಗೆ ಹುಟ್ಟಿತು ಅಂತ ಮೊದಲಿನಿಂದ ಕೊನೆಯವರೆಗೆ ತೋರಿಸುತ್ತೇನೆ. ನಿಮ್ಮ ಕೆಲಸ ಬೇರೆ ಇರಬಹುದು, ಹೆಜ್ಜೆಗಳು ಇವೇ.

ಮಾತು ಮುಗಿಯುವಾಗಲೇ ಶುರು

ಗೋರೆಗಾಂವ್‌ನ ಬಾಂಬೆ ಎಕ್ಸಿಬಿಷನ್ ಸೆಂಟರ್. ಎಲ್ಲರೂ ನೆಸ್ಕೋ ಅಂತಲೇ ಕರೆಯುವ ಜಾಗ. ಶುಕ್ರವಾರ ಮಧ್ಯಾಹ್ನ ಟೀ ಕೌಂಟರ್ ಪಕ್ಕ ಒಬ್ಬ ಮೇಡಂ ಫೋನಿನಲ್ಲಿ ಯಾರಿಗೋ ಕನ್ನಡದಲ್ಲಿ ಬೈಯುತ್ತಿದ್ದರು. ಮುಂಬೈನಲ್ಲಿ ಹಾಗೆ ಕನ್ನಡ ಕಿವಿಗೆ ಬಿದ್ದರೆ ಸುಮ್ನೆ ಮುಂದೆ ಹೋಗಲು ಆಗುವುದಿಲ್ಲ, ಅಲ್ವಾ? ಫೋನ್ ಇಟ್ಟ ಮೇಲೆ ಮಾತಾಡಿಸಿದೆ. ಕಾರವಾರದವರು. ಗೋವಾದ ವೆರ್ಣಾದಲ್ಲಿ ಮೀನು, ಸಿಗಡಿ ರಫ್ತು ಮಾಡುವ ಕಂಪನಿಯ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತಾರೆ.

ಇಪ್ಪತ್ತು ನಿಮಿಷ ಮಾತಾಡಿದೆವು. ಅವರ ತಲೆನೋವು ಇದು. ಕಂಟೇನರ್ ವೆರ್ಣಾದಿಂದ ರಸ್ತೆಯಲ್ಲಿ ನ್ಹಾವಾ ಶೇವಾ ಬಂದರಿಗೆ ಹೋಗುತ್ತದೆ. ಒಳಗೆ −18 ಡಿಗ್ರಿ ಇರಬೇಕು. ಕೊನೆಗೆ ಲಾಗರ್ ತೆಗೆದು ನೋಡಿದರೆ ಗೆರೆ ಅಲ್ಲಲ್ಲಿ −11ರ ತನಕ ಏರಿ ಮತ್ತೆ ಇಳಿದಿದೆ. ದಾರಿಯಲ್ಲಿ ಬಾಗಿಲು ತೆರೆದಿದ್ದೀರಿ ಅಂತ ಖರೀದಿದಾರರ ಆಕ್ಷೇಪ. ತೆರೆದಿಲ್ಲ ಅಂತ ಇವರು. ಮೇಡಂ ಒಂದು ಟಿಶ್ಯೂ ಪೇಪರ್ ಮೇಲೆ ಪೆನ್ನಿನಿಂದ ಆ ಗೆರೆ ಎಳೆದು ತೋರಿಸಿದರು. "ನೋಡ್ರೀ, ಗರಗಸದ ಹಲ್ಲಿನ ಹಾಗೆ ಇದೆ" ಅಂದರು.

ಇಲ್ಲಿ ಮೊದಲ ಹೆಜ್ಜೆ. ಮಾತು ಮುಗಿಸುವ ಮೊದಲು, ನೀವು ಏನು ಕಳಿಸುತ್ತೀರಿ ಅನ್ನುವುದನ್ನು ಬಾಯಿಬಿಟ್ಟು ಒಂದು ಸಲ ಹೇಳಿ. "ಮೇಲ್ ಮಾಡ್ತೀನಿ" ಅಂದರೆ ಸಾಲದು. ನಾನು ಹೀಗೆ ಹೇಳಿದೆ: "ನಮ್ಮ ಹತ್ತಿರ ಒಂದೇ ಕಂಟೇನರ್‌ನಲ್ಲಿ ಎರಡು ಲಾಗರ್ ಇಟ್ಟು ತೆಗೆದ ಗ್ರಾಫ್ ಇದೆ. ಒಂದು ಕೂಲಿಂಗ್ ಮಷಿನ್ ಹತ್ತಿರ, ಒಂದು ಪೆಟ್ಟಿಗೆಗಳ ನಡುವೆ. ಅದನ್ನು ಕಳಿಸ್ತೀನಿ. ಯಾವತ್ತಿನ ಒಳಗೆ ಬೇಕು?" ಅವರು ಅಂದರು: "ಮುಂದಿನ ಲೋಡ್ ಬುಧವಾರ. ಅದಕ್ಕೆ ಮೊದಲು ಸಿಕ್ಕರೆ ಒಳ್ಳೇದು."

ಈ ಎರಡು ವಾಕ್ಯದಲ್ಲಿ ಮೇಲ್‌ನ ಅರ್ಧ ಕೆಲಸ ಆಯಿತು. ಏನು ಕಳಿಸಬೇಕು ಅಂತ ಗೊತ್ತು, ಯಾವತ್ತಿನ ಒಳಗೆ ಅಂತಲೂ ಗೊತ್ತು. ಮೇಲ್ ಬಂದಾಗ ಅವರಿಗೂ ಆಶ್ಚರ್ಯ ಆಗುವುದಿಲ್ಲ. ಕೊಡಲು ನಿಮ್ಮ ಹತ್ತಿರ ಏನೂ ಇಲ್ಲದಿದ್ದರೆ ಸುಳ್ಳು ಭರವಸೆ ಕೊಡಬೇಡಿ. ಒಂದು ಪ್ರಶ್ನೆಯನ್ನಾದರೂ ಬಾಕಿ ಉಳಿಸಿಕೊಂಡು ಹೊರಡಿ. "ಆ ಲೋಡ್ ಏನಾಯ್ತು ಅಂತ ಆಮೇಲೆ ಕೇಳ್ತೀನಿ" ಅಂದರೂ ಸಾಕು.

ಇನ್ನೊಂದು ಮಾತು. ಅವರು ಫೋನಿನಲ್ಲಿ ಪೂರ್ತಿ ಗ್ರಾಫ್ ತೋರಿಸಿದರು. ಫೋಟೋ ತೆಗೆಯಲೇ ಅಂತ ಕೇಳಿದೆ. "ಬೇಡ, ಕಂಪನಿಯದು" ಅಂದರು. ಸರಿ ಅಂತ ಬಿಟ್ಟೆ. ಕೇಳದೆ ತೆಗೆದು, ಆ ಫೋಟೋ ನೋಡಿಕೊಂಡು ಮೇಲ್ ಬರೆದರೆ ಎಲ್ಲ ಅಂಕಿ ಸರಿ ಇರುತ್ತದೆ ನಿಜ. ಆದರೆ ಅಷ್ಟು ಕರಾರುವಾಕ್ಕಾಗಿ ಇವರಿಗೆ ಹೇಗೆ ನೆನಪಿದೆ ಅಂತ ಅವರಿಗೆ ಅನುಮಾನ ಬಂದೇ ಬರುತ್ತದೆ.

ಘಾಟ್ ಬರುವ ಮೊದಲು ಬರೆದಿಡಿ

ಬಹಳ ಜನ ತಪ್ಪುವುದು ಇಲ್ಲಿ. ಮೇಲ್ ನಾಳೆ ಬರೆಯಬಹುದು, ನೋಟ್ ಇವತ್ತೇ ಆಗಬೇಕು. ಸಾಧ್ಯವಾದರೆ ಅರ್ಧ ಗಂಟೆಯೊಳಗೆ. ಆಮೇಲೆ ಇನ್ನೂ ಹತ್ತು ಜನರ ಜೊತೆ ಮಾತಾಡುತ್ತೀರಿ. ಸಂಜೆಗೆ ಎಲ್ಲರ ಮಾತೂ ಕಲಸಿಹೋಗಿರುತ್ತದೆ. ವಿಷಯ ನೆನಪಿರುತ್ತದೆ, ಅವರು ಹೇಳಿದ ಪದ ಹೋಗಿಬಿಡುತ್ತದೆ. "ಗ್ರಾಫ್‌ನಲ್ಲಿ ಏರಿಳಿತದ ಸಮಸ್ಯೆ" ಅಂತ ಉಳಿಯುತ್ತದೆ, "ಗರಗಸದ ಹಲ್ಲು" ಹೋಗುತ್ತದೆ. ಆತ್ಮೀಯತೆ ಇರುವುದೆಲ್ಲ ಆ ಹಲ್ಲಿನಲ್ಲೇ.

ನಾನು ಮಾತು ಮುಗಿದ ತಕ್ಷಣ ವಿಸಿಟಿಂಗ್ ಕಾರ್ಡಿನ ಹಿಂಬದಿ ಮೂರ್ನಾಲ್ಕು ಪದ ಬರೆಯುತ್ತೇನೆ. ಅವರೆದುರು ಬರೆಯುವುದಿಲ್ಲ, ನಾಲ್ಕು ಹೆಜ್ಜೆ ದೂರ ಹೋಗಿ ಬರೆಯುತ್ತೇನೆ. ಆವತ್ತು ಬರೆದದ್ದು: "ಗರಗಸ, ಬುಧವಾರ, ಎರಡು ಲಾಗರ್." ಕೆಲವು ಕಾರ್ಡ್ ನುಣುಪಾಗಿರುತ್ತವೆ, ಪೆನ್ನು ಹಿಡಿಯುವುದಿಲ್ಲ. ಈಗ ಕಾರ್ಡೇ ಇಲ್ಲದ ಜನವೂ ಜಾಸ್ತಿ. ಆಗ ಫೋನಿನಲ್ಲಿ ಅವರ ನಂಬರ್ ಸೇವ್ ಮಾಡುವಾಗಲೇ ಹೆಸರಿನ ಮುಂದೆ ಆ ಪದ ಸೇರಿಸಿ.

ಪೂರ್ತಿ ನೋಟ್ ಬರೆದದ್ದು ಪುಣೆಗೆ ವಾಪಸ್ ಬರುವ ಡೆಕ್ಕನ್ ಕ್ವೀನ್ ರೈಲಿನಲ್ಲಿ. ಸಂಜೆ 5:10ಕ್ಕೆ ಸಿಎಸ್‌ಎಂಟಿ ಬಿಡುತ್ತದೆ, ನಾನು ದಾದರ್‌ನಲ್ಲಿ ಹತ್ತಿಕೊಂಡೆ. ನನ್ನದೊಂದು ನಿಯಮ ಇದೆ. ಕರ್ಜತ್‌ನಲ್ಲಿ ಘಾಟ್ ಹತ್ತಿಸಲು ಹಿಂದಿನಿಂದ ಬ್ಯಾಂಕರ್ ಎಂಜಿನ್ ಜೋಡಿಸುವ ಹೊತ್ತಿಗೆ ಎಲ್ಲರ ನೋಟ್ ಮುಗಿದಿರಬೇಕು. ಆಮೇಲೆ ಸುರಂಗದ ಮೇಲೆ ಸುರಂಗ, ನೆಟ್‌ವರ್ಕ್ ಇರುವುದಿಲ್ಲ. ಲೋನಾವಳಾ ದಾಟಿದ ಮೇಲೆ ನಿದ್ದೆ.

ಮೇಡಂ ಬಗ್ಗೆ ಬರೆದ ನೋಟ್ ಹೀಗಿತ್ತು, ಇದ್ದ ಹಾಗೇ ಕೊಡುತ್ತೇನೆ:

> ಅವರ ಮಾತು: "ಗರಗಸದ ಹಲ್ಲಿನ ಹಾಗೆ." "ನಾನು ಬಾಗಿಲು ತೆರೆದಿಲ್ಲ, ಆದರೆ ಸಾಬೀತು ಮಾಡೋದು ಹೇಗೆ?"
> ಅಂಕಿ: −18 ಇರಬೇಕು, −11ರ ತನಕ ಏರಿದೆ. ರಾತ್ರಿ 2ರ ಸುಮಾರು, ಬೆಳಿಗ್ಗೆ 8ರ ಸುಮಾರು, ಮಧ್ಯಾಹ್ನ 2ರ ಸುಮಾರು. ಇನ್ನೊಂದು 11:30ಕ್ಕೆ (?)
> ನಾನು ಹೇಳಿದ್ದು: ಸಮ ಅಂತರದ್ದು ಡಿಫ್ರಾಸ್ಟ್ ಇರಬೇಕು.
> ಕೊಡಬೇಕಾದ್ದು: ಎರಡು ಲಾಗರ್ ಗ್ರಾಫ್. ಬುಧವಾರಕ್ಕೆ ಮೊದಲು.
> ಬರೆಯಬಾರದ್ದು: ಟ್ರಾನ್ಸ್‌ಪೋರ್ಟರ್ ವಿಷಯ. ಅಮ್ಮನ ಆಪರೇಷನ್.

ಡಿಫ್ರಾಸ್ಟ್ ಅಂದರೆ ಕೂಲಿಂಗ್ ಮಷಿನ್ ತನ್ನ ಮೇಲೆ ಕಟ್ಟಿದ ಹಿಮವನ್ನು ಆಗಾಗ ತಾನೇ ಕರಗಿಸಿಕೊಳ್ಳುವುದು. ಈ ನೋಟ್‌ನಲ್ಲಿ ಎರಡು ವಿಷಯ ಗಮನಿಸಿ. ಒಂದು, ಅವರ ಮಾತನ್ನು ಅವರ ಪದದಲ್ಲೇ ಬರೆದಿದ್ದೇನೆ, ತಿದ್ದಿಲ್ಲ. ಎರಡು, 11:30ರ ಮುಂದೆ ಪ್ರಶ್ನಾರ್ಥಕ ಇದೆ. ಅದು ಹನ್ನೊಂದೂವರೆಯೋ ಹನ್ನೆರಡೋ ನನಗೆ ಖಚಿತ ಇರಲಿಲ್ಲ. ನೋಟ್ ಬರೆಯುವಾಗಲೇ ಆ ಅನುಮಾನವನ್ನು ಗುರುತು ಹಾಕಿಕೊಳ್ಳಬೇಕು. ಮರುದಿನ ಓದುವಾಗ ಬರೆದಿದ್ದೆಲ್ಲ ಒಂದೇ ಥರ ಸತ್ಯ ಅನ್ನಿಸುತ್ತದೆ. ಯಾವುದು ಕೇಳಿದ್ದು, ಯಾವುದು ಊಹಿಸಿದ್ದು ಅಂತ ಆಗ ತಿಳಿಯುವುದಿಲ್ಲ.

ನೆನಪಿದ್ದನ್ನೆಲ್ಲ ಬರೆಯುವುದಲ್ಲ

ನೋಟ್‌ನ ಕೊನೆಯ ಸಾಲಿನ ಬಗ್ಗೆ ಸ್ವಲ್ಪ ಹೇಳಬೇಕು. ಹೇಳಿದ್ದನ್ನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆ ಅಂತ ತೋರಿಸುವ ಹುಮ್ಮಸ್ಸಿನಲ್ಲಿ, ಬರೆಯಬಾರದ್ದನ್ನು ಬರೆಯುವ ತಪ್ಪು ನಾನೇ ಮಾಡಿದ್ದೇನೆ.

ಕೆಲವು ವರ್ಷದ ಹಿಂದೆ ಒಬ್ಬರು ಊಟದ ಸಾಲಿನಲ್ಲಿ ನಿಂತಾಗ, ಈಗಿರುವ ಟ್ರಾನ್ಸ್‌ಪೋರ್ಟರ್‌ನನ್ನು ಬಿಡುವ ಯೋಚನೆ ಇದೆ ಅಂತ ಹೇಳಿದ್ದರು. ನಾನು ಮೇಲ್‌ನಲ್ಲಿ "ನೀವು ಟ್ರಾನ್ಸ್‌ಪೋರ್ಟರ್ ಬದಲಿಸುವ ಬಗ್ಗೆ ಹೇಳಿದಿರಲ್ಲ" ಅಂತ ಶುರು ಮಾಡಿದೆ. ಮೇಲ್‌ನಲ್ಲಿ ಉಳಿದದ್ದೆಲ್ಲ ಅವರಿಗೆ ಉಪಯೋಗಕ್ಕೆ ಬರುವಂಥದ್ದು, ತಮ್ಮ ಮೇಲಿನವರಿಗೆ ಕಳಿಸಬೇಕು ಅಂತಿದ್ದರು. ಕಳಿಸಲು ಆಗಲಿಲ್ಲ. ಆ ಒಂದು ಸಾಲು ಅಡ್ಡ ಬಂತು. "ಅದನ್ನು ತೆಗೆದು ಇನ್ನೊಮ್ಮೆ ಕಳಿಸ್ತೀರಾ?" ಅಂತ ಫೋನ್ ಮಾಡಿ ಕೇಳಿದರು. ನಾಚಿಕೆಯಾಯಿತು.

ಆವತ್ತಿನಿಂದ ಬರೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಮೇಲ್ ಅವರ ಬಾಸ್ ಕೈಗೆ ಹೋದರೆ ಅವರಿಗೆ ಮುಜುಗರ ಆಗುತ್ತದಾ? ಆಫೀಸಿನ ಮೇಲ್ ಒಬ್ಬರಿಗೇ ಅಂತ ಇರುವುದಿಲ್ಲ. ಅದು ಫಾರ್ವರ್ಡ್ ಆಗುತ್ತದೆ. ಆಗಲಿ ಅಂತಲೇ ನಾವು ಬರೆಯುವುದು.

ಅಮ್ಮನ ಮಂಡಿ ಆಪರೇಷನ್ ವಿಷಯ ಇನ್ನೂ ನಾಜೂಕು. ಮೇಡಂ ಅದನ್ನು ಹೇಳಿದ್ದು ಟೀ ಕುಡಿಯುವಾಗ, ಊರಿಗೆ ಯಾಕೆ ಪದೇಪದೇ ಹೋಗುತ್ತಿದ್ದಾರೆ ಅನ್ನುವ ಮಾತಿಗೆ. ಅದನ್ನು ಮೇಲ್‌ನಲ್ಲಿ ಕೇಳಿದರೆ ಪ್ರೀತಿ ಅನ್ನಿಸಬಹುದು, ಅತಿಯೂ ಅನ್ನಿಸಬಹುದು. ಮೊದಲ ಭೇಟಿ, ಆಫೀಸಿನ ಮೇಲ್ ಐಡಿ, ನಾನು ಏನನ್ನೋ ಮಾರುವವನು. ಮೂರೂ ಸೇರಿದರೆ ಬೇಡ ಅನ್ನುವುದೇ ಸರಿ. ಮುಂದಿನ ಸಲ ಎದುರಿಗೆ ಸಿಕ್ಕಾಗ ಕೇಳಿದರಾಯಿತು.

ಹಾಗಾದರೆ ಏನು ಬರೆಯಬೇಕು? ಇಪ್ಪತ್ತು ನಿಮಿಷದಲ್ಲಿ ಏಳೆಂಟು ವಿಷಯ ಬಂದಿರುತ್ತವೆ. ಅವುಗಳಲ್ಲಿ ಒಂದನ್ನು ಆರಿಸಿ. ಅವರನ್ನು ನಿಜವಾಗಿ ಕಾಡುತ್ತಿರುವುದು ಯಾವುದೋ ಅದು. ಮೇಡಂ ಸಿಗಡಿ ದರ, ಡೀಸೆಲ್, ಗೋವಾದ ಮಳೆ ಎಲ್ಲದರ ಬಗ್ಗೆ ಮಾತಾಡಿದರು. ಪೆನ್ನು ತೆಗೆದು ಚಿತ್ರ ಬರೆದದ್ದು ಮಾತ್ರ ಗರಗಸಕ್ಕೆ. ಎಲ್ಲವನ್ನೂ ಪಟ್ಟಿ ಮಾಡಿದರೆ ಮೀಟಿಂಗ್ ವರದಿ ಓದಿದ ಹಾಗಾಗುತ್ತದೆ, ತಮ್ಮ ಮಾತನ್ನು ಯಾರೋ ಕೇಳಿಸಿಕೊಂಡರು ಅನ್ನಿಸುವುದಿಲ್ಲ.

ಮೇಲ್

ಮೊದಲು ಭಾಷೆ. ಮಾತಾಡಿದ್ದು ಕನ್ನಡದಲ್ಲಿ. ಮೇಲ್ ಇಂಗ್ಲಿಷ್‌ನಲ್ಲಿ ಬರೆದರೆ ಅದೇ ಮನುಷ್ಯ ಕೋಟು ಹಾಕಿಕೊಂಡು ಬಂದ ಹಾಗಾಗುತ್ತದೆ. ಆದರೆ ಮೇಡಂ ಇದನ್ನು ತೋರಿಸಬೇಕಾದ್ದು ವೆರ್ಣಾದ ಮ್ಯಾನೇಜರ್‌ಗೆ, ಅವರಿಗೆ ಕನ್ನಡ ಬರುವುದಿಲ್ಲ. ಇದಕ್ಕೆ ಸುಲಭ ದಾರಿ ಇದೆ. ಮೇಲ್ ಕನ್ನಡದಲ್ಲಿ, ಜೊತೆಗಿಡುವ ಒಂದು ಪುಟದ ಪಿಡಿಎಫ್ ಇಂಗ್ಲಿಷ್‌ನಲ್ಲಿ. ಮಾತು ಅವರಿಗೆ, ಪುಟ ಆಫೀಸಿಗೆ. ಮರಾಠಿಯಲ್ಲೋ ಹಿಂದಿಯಲ್ಲೋ ಮಾತಾಗಿದ್ದರೂ ಇದೇ ಲೆಕ್ಕ.

ನಾನು ಮೊದಲು ಬರೆದ ಆರಂಭ ಹೀಗಿತ್ತು: "ನಿನ್ನೆ ಕಾನ್ಫರೆನ್ಸ್‌ನಲ್ಲಿ ನಿಮ್ಮನ್ನು ಭೇಟಿಯಾಗಿದ್ದು ಬಹಳ ಸಂತೋಷ. ಶೀತಲ ಸಾಗಣೆಯಲ್ಲಿ ತಾಪಮಾನದ ಏರಿಳಿತದ ಬಗ್ಗೆ ನಮ್ಮ ಚರ್ಚೆ ಉಪಯುಕ್ತವಾಗಿತ್ತು." ಓದಿ ನೋಡಿ ನನಗೇ ನಗು ಬಂತು. ಆ ಹಾಲ್‌ನಲ್ಲಿದ್ದ ಯಾರಿಗೆ ಬೇಕಾದರೂ ಇದನ್ನು ಕಳಿಸಬಹುದು. ನಾನು ಹಾಕುವ ಪರೀಕ್ಷೆ ಇಷ್ಟೇ: ಮೊದಲ ಎರಡು ಸಾಲನ್ನು ಬೇರೆ ಯಾರಿಗಾದರೂ ಕಳಿಸಲು ಆಗುತ್ತದಾ? ಆಗುವುದಾದರೆ ಅಳಿಸಿ.

ಕೊನೆಗೆ ಹೋದದ್ದು ಇದು:

> ವಿಷಯ: ಗರಗಸದ ಹಲ್ಲು, ಬುಧವಾರದ ಲೋಡ್‌ಗೆ ಮೊದಲು
>
> ನಮಸ್ಕಾರ ಮೇಡಂ,
>
> ಶುಕ್ರವಾರ ನೆಸ್ಕೋದಲ್ಲಿ ಟೀ ಕೌಂಟರ್ ಪಕ್ಕ ಸಿಕ್ಕಿದ್ದ ಭೋಸರಿಯ ಲಾಗರ್‌ನವನು ನಾನು. ನೀವು ಟಿಶ್ಯೂ ಪೇಪರ್ ಮೇಲೆ ಗೆರೆ ಎಳೆದು, "ನಾನು ಬಾಗಿಲು ತೆರೆದಿಲ್ಲ, ಆದರೆ ಸಾಬೀತು ಮಾಡೋದು ಹೇಗೆ?" ಅಂತ ಕೇಳಿದ್ದಿರಿ. ರೈಲಿನಲ್ಲಿ ಅದನ್ನೇ ಯೋಚಿಸುತ್ತಾ ಬಂದೆ.
>
> ಹೇಳಿದ್ದ ಎರಡು ಲಾಗರ್‌ನ ಗ್ರಾಫ್ ಜೊತೆಗಿಟ್ಟಿದ್ದೇನೆ, ಒಂದೇ ಪುಟ. ಮೇಲಿನ ಗೆರೆ ಮಷಿನ್ ಹತ್ತಿರದ ಲಾಗರ್‌ದು, ನಿಮ್ಮ ಗರಗಸದ ಹಾಗೆಯೇ ಇದೆ. ಕೆಳಗಿನದು ಪೆಟ್ಟಿಗೆಗಳ ನಡುವೆ ಇಟ್ಟದ್ದು, ಅದು ಹೆಚ್ಚುಕಡಿಮೆ ಅಲುಗಾಡಿಲ್ಲ. ಡಿಫ್ರಾಸ್ಟ್ ಆಗುವಾಗ ಮಷಿನ್ ಹತ್ತಿರದ ಗಾಳಿ ಬಿಸಿಯಾಗುತ್ತದೆ, ಮಾಲು ಅಷ್ಟು ಬೇಗ ಬಿಸಿಯಾಗುವುದಿಲ್ಲ ಅಂತ ನಾನು ಹೇಳಿದ್ದು ಇದನ್ನೇ.
>
> ನಿಮ್ಮ ಗ್ರಾಫ್‌ನಲ್ಲಿ ರಾತ್ರಿ 2, ಬೆಳಿಗ್ಗೆ 8, ಮಧ್ಯಾಹ್ನ 2ರ ಸುಮಾರಿಗೆ ಹಲ್ಲುಗಳಿದ್ದವು ಅಂತ ನೆನಪು. ಆರು ಗಂಟೆಗೊಂದು. ಬಾಗಿಲು ಹಾಗೆ ಗಡಿಯಾರ ನೋಡಿ ತೆರೆದುಕೊಳ್ಳುವುದಿಲ್ಲ. ಆದರೆ 11:30ರ ಹತ್ತಿರ ಇನ್ನೊಂದಿತ್ತು ಅನ್ನಿಸುತ್ತದೆ, ಸಮಯ ನನಗೆ ಖಚಿತ ಇಲ್ಲ. ಅದು ಈ ಲೆಕ್ಕಕ್ಕೆ ಸೇರುವುದಿಲ್ಲ.
>
> ಬುಧವಾರದ ಲೋಡ್‌ನಲ್ಲಿ ಎರಡನೇ ಲಾಗರ್ ಒಂದನ್ನು ನಡುವಿನ ಪೆಟ್ಟಿಗೆಗಳ ಮಧ್ಯೆ ಇಟ್ಟು ನೋಡುತ್ತೀರಾ? ನಿಮ್ಮ ಹತ್ತಿರ ಇರುವುದೇ ಸಾಕು, ನಮ್ಮದು ಬೇಕಿಲ್ಲ. 11:30ರದು ಏನು ಅಂತ ಗೊತ್ತಾದರೆ ಒಂದು ಸಾಲು ಬರೆಯಿರಿ.
>
> ಮೂರನೇ ಕಪ್ ಟೀ ಕೇಳಿದಾಗ ಹಾಲು ಮುಗಿದಿದೆ ಅಂದ ಹುಡುಗನ ಮುಖ ಇನ್ನೂ ಕಣ್ಣ ಮುಂದಿದೆ.
>
> ನಮಸ್ಕಾರಗಳೊಂದಿಗೆ

ಕೆಳಗೆ ನನ್ನ ಹೆಸರು, ಕಂಪನಿ, ಫೋನ್ ನಂಬರ್. ಅಷ್ಟೇ.

ಈಗ ಒಂದೊಂದಾಗಿ ಯಾಕೆ ಅಂತ ಹೇಳುತ್ತೇನೆ.

ವಿಷಯದ ಸಾಲು: ಫೋನಿನಲ್ಲಿ ಮೊದಲ ಐದಾರು ಪದ ಮಾತ್ರ ಕಾಣುತ್ತವೆ. "ಕಾನ್ಫರೆನ್ಸ್ ಭೇಟಿಯ ಕುರಿತು" ಅಂತ ಹಾಕಿದರೆ ಆ ವಾರ ಬಂದ ನಲವತ್ತು ಮೇಲ್‌ಗಳಲ್ಲಿ ಒಂದಾಗುತ್ತದೆ. ಗರಗಸ ಅನ್ನುವುದು ಅವರದೇ ಪದ, ಬೇರೆ ಯಾರೂ ಬರೆಯುವ ಸಾಧ್ಯತೆ ಇಲ್ಲ. ಬುಧವಾರ ಅನ್ನುವುದು ಈಗ ಯಾಕೆ ಓದಬೇಕು ಅಂತ ಹೇಳುತ್ತದೆ. ಇನ್‌ಬಾಕ್ಸ್‌ನಲ್ಲಿ ವಿಷಯದ ಪಕ್ಕ ಮೇಲ್‌ನ ಮೊದಲ ಸಾಲೂ ಸ್ವಲ್ಪ ಕಾಣುತ್ತದೆ. ಹಾಗಾಗಿ ಜಾಗದ ಗುರುತು ಮೊದಲ ವಾಕ್ಯದಲ್ಲೇ ಬರಬೇಕು. ಅವರಿಗೂ ಆವತ್ತು ಮೂವತ್ತು ಮುಖ ಸಿಕ್ಕಿರುತ್ತವೆ. ನಮ್ಮ ಹೆಸರು ಅವರಿಗೆ ನೆನಪಿರಬೇಕು ಅಂತ ಹಟ ಮಾಡುವುದು ಬೇಡ. ಟೀ ಕೌಂಟರ್ ನೆನಪಿರುತ್ತದೆ.

ಅವರ ಮಾತನ್ನು ಉದ್ಧರಣೆಯಲ್ಲಿ ಹಾಕಿದ್ದು ಒಂದೇ ವಾಕ್ಯ. ಅದೂ ಅವರ ಪ್ರಶ್ನೆ. ಅವರ ಅಭಿಪ್ರಾಯವನ್ನೋ ದೂರನ್ನೋ ಉದ್ಧರಿಸಿದರೆ, ಹೇಳಿಕೆ ದಾಖಲಿಸಿಕೊಂಡ ಹಾಗೆ ಕಾಣುತ್ತದೆ. ಪ್ರಶ್ನೆಯನ್ನು ಉದ್ಧರಿಸಿದರೆ ಉತ್ತರಕ್ಕೆ ದಾರಿಯಾಗುತ್ತದೆ. ಖರೀದಿದಾರರ ಆಕ್ಷೇಪದ ಸುದ್ದಿಯನ್ನು ನಾನು ಎತ್ತಲೇ ಇಲ್ಲ, ಗಮನಿಸಿದಿರಾ? ಅದು ಅವರ ಮತ್ತು ಖರೀದಿದಾರರ ನಡುವಿನ ವಿಷಯ. ಅದಿಲ್ಲದೆಯೂ ಮೇಲ್ ನಿಲ್ಲುತ್ತದೆ.

ಖಚಿತ ಇದ್ದದ್ದನ್ನು ನೇರವಾಗಿ ಬರೆದೆ. ಇಲ್ಲದ್ದನ್ನು ಇಲ್ಲ ಅಂತಲೇ ಬರೆದೆ. ಪ್ರತಿ ಸಾಲಿಗೂ "ನನ್ನ ನೆನಪು ಸರಿಯಿದ್ದರೆ" ಅಂತ ಸೇರಿಸಿದರೆ ಏನೂ ಕೇಳಿಸಿಕೊಂಡಿಲ್ಲ ಅನ್ನಿಸುತ್ತದೆ. ಎಲ್ಲವನ್ನೂ ಖಚಿತವಾಗಿ ಬರೆದು ಒಂದು ತಪ್ಪಿದರೆ ಉಳಿದದ್ದರ ಮೇಲಿನ ನಂಬಿಕೆಯೂ ಹೋಗುತ್ತದೆ. ಹೊಂದಿಕೆಯಾಗದ ಆ 11:30ರ ಹಲ್ಲನ್ನು ಬಿಟ್ಟುಬಿಡಬಹುದಿತ್ತು. ಬಿಟ್ಟಿದ್ದರೆ ಮೇಲ್ ನೀಟಾಗಿರುತ್ತಿತ್ತು. ಆದರೆ ಅವರ ಮಾತನ್ನು ಪೂರ್ತಿ ಕೇಳಿದ್ದೇನೆ ಅನ್ನುವುದಕ್ಕೆ ಸಾಕ್ಷಿ ಅದೇ. ನನ್ನ ವಿವರಣೆಗೆ ಬೇಕಾದದ್ದನ್ನು ಮಾತ್ರ ನೆನಪಿಟ್ಟುಕೊಂಡವನು ಸೇಲ್ಸ್‌ಮನ್.

ಕೇಳಿದ್ದು ಸಣ್ಣ ಕೆಲಸ, ಅವರ ಹತ್ತಿರ ಇರುವ ಸಾಮಾನಿನಲ್ಲೇ ಆಗುವಂಥದ್ದು. "ನಮ್ಮದು ಬೇಕಿಲ್ಲ" ಅನ್ನುವ ಎರಡು ಪದ ಬರೆಯಲು ನಮ್ಮ ಆಫೀಸಿನಲ್ಲಿ ವಿರೋಧ ಇತ್ತು. ನನಗೆ ಅನ್ನಿಸುವುದು, ಮೊದಲ ಮೇಲ್‌ನಲ್ಲೇ ಕ್ಯಾಟಲಾಗ್ ಇಟ್ಟರೆ ಮೇಲೆ ಬರೆದ ಗರಗಸ, ಟಿಶ್ಯೂ ಪೇಪರ್ ಎಲ್ಲ ಗಾಳಕ್ಕೆ ಸಿಕ್ಕಿಸಿದ ಎರೆಹುಳು ಆಗುತ್ತದೆ. ಮೀನಿನ ವ್ಯವಹಾರದವರಿಗೆ ಗಾಳ ಬೇಗ ಕಾಣುತ್ತದೆ.

ಟೀ ಸಾಲು ಕೊನೆಗೆ ಇರಲಿ. ಮೊದಲೇ ಹಾಕಿದರೆ ಹರಟೆ ಅನ್ನಿಸುತ್ತದೆ. ಕೆಲಸದ ಮಾತು ಮುಗಿದ ಮೇಲೆ ಬಂದರೆ ಎದ್ದು ಹೊರಡುವಾಗ ನಕ್ಕ ಹಾಗಿರುತ್ತದೆ. ಒಂದೇ ಸಾಲು ಸಾಕು. ಇಬ್ಬರೂ ನೋಡಿದ್ದು ಇರಬೇಕು, ಯಾರನ್ನೂ ಆಡಿಕೊಂಡ ಹಾಗೆ ಇರಬಾರದು.

ಕಳಿಸುವ ಮೊದಲು

ಜೊತೆಗಿಡುವ ಪುಟದ ಮೇಲೆ ಒಮ್ಮೆ ಕಣ್ಣು ಹಾಯಿಸಿ. ನಮ್ಮ ಗ್ರಾಫ್‌ನ ಮೂಲೆಯಲ್ಲಿ ಬೇರೆ ಗಿರಾಕಿಯ ಹೆಸರು, ಕಂಟೇನರ್ ನಂಬರ್ ಇತ್ತು. ಆ ಗಿರಾಕಿಯ ಒಪ್ಪಿಗೆ ಮೊದಲೇ ಪಡೆದಿದ್ದೆವು, ಆದರೂ ಎರಡನ್ನೂ ತೆಗೆದೆ. ಚಿತ್ರದ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು. ಕೆಲವು ಪಿಡಿಎಫ್‌ಗಳಲ್ಲಿ ಪಟ್ಟಿಯ ಕೆಳಗಿನ ಅಕ್ಷರ ಕಾಪಿ ಮಾಡಿದರೆ ಬರುತ್ತದೆ. ಆ ಭಾಗವನ್ನೇ ಕತ್ತರಿಸಿ ಹೊಸದಾಗಿ ಪಿಡಿಎಫ್ ಮಾಡಿ. ಇನ್ನೊಬ್ಬರ ಹೆಸರು ಕಂಡರೆ ಮೇಡಂಗೆ ಬರುವ ಮೊದಲ ಯೋಚನೆ, ನಾಳೆ ನನ್ನ ಗ್ರಾಫ್ ಕೂಡ ಹೀಗೇ ಯಾರಿಗೋ ಹೋಗುತ್ತದೆ ಅಂತ.

ಸಮಯದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎರಡು ದಿನದ ಒಳಗೆ ಹೋದರೆ ಸಾಕು. ನಾನು ಶುಕ್ರವಾರ ರಾತ್ರಿ ಬರೆದು ಡ್ರಾಫ್ಟ್‌ನಲ್ಲಿಟ್ಟೆ. ಸುಸ್ತಾದ ರಾತ್ರಿ ಬರೆದದ್ದರಲ್ಲಿ ಅತಿ ಸಲುಗೆ ನುಸುಳಿರುತ್ತದೆ. ಶನಿವಾರ ಬೆಳಿಗ್ಗೆ ಓದಿ, ಎರಡು ಆಶ್ಚರ್ಯಸೂಚಕ ಚಿಹ್ನೆ ತೆಗೆದು, ಒಂಬತ್ತೂವರೆಗೆ ಕಳಿಸಿದೆ. ಅವರ ಫ್ಯಾಕ್ಟರಿ ಶನಿವಾರ ನಡೆಯುತ್ತದೆ ಅಂತ ಗೊತ್ತಿತ್ತು. ರಜೆ ಇರುವ ಆಫೀಸಾದರೆ ಜಿಮೇಲ್‌ನ Schedule send ಬಳಸಿ ಸೋಮವಾರ ಸ್ವಲ್ಪ ಹೊತ್ತೇರಿದ ಮೇಲೆ ಹೋಗುವ ಹಾಗೆ ಇಡಬಹುದು. ಅಂದಹಾಗೆ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ Undo Send ಸಮಯವನ್ನು 30 ಸೆಕೆಂಡಿಗೆ ಏರಿಸಿಕೊಳ್ಳಿ, ಅದೇ ಅಲ್ಲಿರುವ ಗರಿಷ್ಠ. ಪಿಡಿಎಫ್ ಸೇರಿಸಲು ಮರೆತದ್ದು ಸಾಮಾನ್ಯವಾಗಿ ಹತ್ತನೇ ಸೆಕೆಂಡಿಗೆ ನೆನಪಾಗುತ್ತದೆ.

ವಾಟ್ಸಾಪ್ ಇರುವಾಗ ಮೇಲ್ ಯಾಕೆ ಅಂತ ಕೇಳುತ್ತಾರೆ. ಅದೇ ಸಂಜೆ ಒಂದು ಸಾಲಿಗೆ ವಾಟ್ಸಾಪ್ ಸರಿ: "ನಾಳೆ ಮೇಲ್ ಕಳಿಸ್ತೀನಿ ಮೇಡಂ." ಹುರುಳಿರುವುದು ಮೇಲ್‌ನಲ್ಲಿರಲಿ. ಆರು ತಿಂಗಳಾದ ಮೇಲೆ ಹುಡುಕಿದರೆ ಸಿಗುವುದು ಅಲ್ಲಿ, ಮ್ಯಾನೇಜರ್‌ಗೆ ಹೋಗುವುದೂ ಅಲ್ಲಿಂದಲೇ.

ನಲವತ್ತು ಜನಕ್ಕೂ ಹೀಗೆ ಬರೆಯಲು ಆಗುತ್ತದಾ? ಆಗುವುದಿಲ್ಲ. ಇಂಥ ಒಂದು ಮೇಲ್‌ಗೆ ನನಗೆ ಅರ್ಧ ಗಂಟೆ ಬೇಕು. ಆ ಕಾನ್ಫರೆನ್ಸ್‌ನಿಂದ ನಾನು ಬರೆದದ್ದು ಆರು. ಮಾತು ನಿಜವಾಗಿ ನಡೆದದ್ದು ಆ ಆರು ಜನರ ಜೊತೆ ಮಾತ್ರ. ಪಾರ್ಕಿಂಗ್ ಕೇಳಿದವರಿಗೆ ಈಗ ಬರೆಯುವುದಿಲ್ಲ.

ಉತ್ತರ ಬಂದರೆ, ಬರದಿದ್ದರೆ

ಶನಿವಾರ ಉತ್ತರ ಇಲ್ಲ. ಸೋಮವಾರವೂ ಇಲ್ಲ. ಮಂಗಳವಾರ ಕೈ ತುರಿಸುತ್ತಿತ್ತು, "ಮೇಲ್ ತಲುಪಿತಾ ಮೇಡಂ?" ಅಂತ ಕೇಳೋಣ ಅಂತ. ಕೇಳಲಿಲ್ಲ. ಲೋಡ್ ಹೊರಡುವ ಹಿಂದಿನ ದಿನ ಕ್ವಾಲಿಟಿಯವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಅವರೇ ಹೇಳಿದ್ದ ದಿನವನ್ನು ನಾವೇ ಮರೆತರೆ ನೆನಪಿಟ್ಟುಕೊಂಡದ್ದಕ್ಕೆ ಏನರ್ಥ? ಲೋಡ್ ತಲುಪುವ ತನಕ ಕಾಯುವುದು, ಆಮೇಲೆ ಅದರ ನೆಪದಲ್ಲೇ ಒಂದು ಸಲ ಕೇಳುವುದು, "ಬುಧವಾರದ್ದು ಹೇಗಾಯಿತು ಮೇಡಂ?" ಅಂತ. ಅದಕ್ಕೂ ಉತ್ತರ ಬರದಿದ್ದರೆ ಬಿಟ್ಟುಬಿಡುವುದು. ಮೂರನೇ ಮೇಲ್ ವಸೂಲಿಗೆ ಬಂದ ಹಾಗೆ ಕಾಣುತ್ತದೆ.

ಕೇಳುವ ಪ್ರಸಂಗ ಬರಲಿಲ್ಲ. ಮುಂದಿನ ಶನಿವಾರ ಅವರೇ ಬರೆದರು, ಕನ್ನಡದಲ್ಲೇ. ನಡುವಿನ ಪೆಟ್ಟಿಗೆಗಳ ಮಧ್ಯೆ ಲಾಗರ್ ಇಟ್ಟಿದ್ದರು. ಅದರ ಗೆರೆ ನೆಟ್ಟಗಿತ್ತು. ಜೊತೆಗೆ ಒಂದು ತಿದ್ದುಪಡಿ: "ಅದು 11:30 ಅಲ್ಲ, 11:50. ಹಳೇ ಟ್ರಿಪ್‌ನ ರಿಜಿಸ್ಟರ್ ತೆಗೆಸಿ ನೋಡಿದೆ. ಆ ಹೊತ್ತಿಗೆ ಚೆಕ್ ಮಾಡಲು ಬಾಗಿಲು ತೆರೆದಿದ್ದರಂತೆ, ಡ್ರೈವರ್ ನನಗೆ ಹೇಳಿರಲಿಲ್ಲ. ಅಂದರೆ ಒಂದು ಹಲ್ಲು ನಮ್ಮದೇ!"

ತಿದ್ದುಪಡಿ ಬಂದಾಗ ಕ್ಷಮೆ ಕೇಳುತ್ತಾ ಕೂರಬೇಡಿ, ನಾನು ಹೀಗಂದುಕೊಂಡಿದ್ದೆ ಅಂತ ವಿವರಣೆಯೂ ಬೇಡ. ನಾನು ಎರಡು ಸಾಲು ಬರೆದೆ: "11:50 ಅಂತ ತಿದ್ದಿಕೊಂಡೆ ಮೇಡಂ. ಇನ್ನು ಮೇಲೆ ಬಾಗಿಲು ತೆರೆದ ಸಮಯವನ್ನು ಡ್ರೈವರ್ ಟ್ರಿಪ್ ಶೀಟ್‌ನಲ್ಲೇ ಬರೆಯುವ ಹಾಗೆ ಮಾಡಿದರೆ, ಉಳಿದ ಹಲ್ಲುಗಳಿಗೆ ಯಾರೂ ನಿಮ್ಮನ್ನು ಕೇಳುವುದಿಲ್ಲ." ಆಮೇಲೆ ನನ್ನ ನೋಟ್ ತೆರೆದು, ಪ್ರಶ್ನಾರ್ಥಕ ಅಳಿಸಿ, ಅವರ ಸಮಯ ಬರೆದಿಟ್ಟೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ಮುಂದಿನ ಸಲ ಸಿಕ್ಕಾಗ ಅಮ್ಮನ ಮಂಡಿ ಹೇಗಿದೆ ಅಂತ ಕೇಳಬೇಕು."